ಎರಡು ಸಂಬಳ, ಮೂರು ಖಾತೆ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ತಾನಾಗಿಯೇ ರೂಢಿಗೆ ಬರುವ ಒಂದು ಏರ್ಪಾಡಿದೆ. ಒಬ್ಬರ ಸಂಬಳದಲ್ಲಿ ಮನೆಖರ್ಚು ತೂಗಿಸುವುದು, ಇನ್ನೊಬ್ಬರ ಸಂಬಳದಲ್ಲಿ ಸಾಲದ ಕಂತು ಕಟ್ಟಿ ಮಿಕ್ಕಿದ್ದನ್ನು ಉಳಿಸುವುದು. ಲೆಕ್ಕ ಸುಲಭ, ತಿಂಗಳೂ ಸಲೀಸಾಗಿ ಸಾಗುತ್ತದೆ. ಆದರೆ ಹತ್ತು ವರ್ಷ ಕಳೆದಾಗ ದಿನಸಿ, ಬಾಡಿಗೆ, ಶಾಲೆಯ ಫೀಸು ಕಟ್ಟಿದವರ ಬಳಿ ಹಳೆಯ ರಸೀದಿಗಳಷ್ಟೇ ಇರುತ್ತವೆ. ಕಂತು ಕಟ್ಟಿದವರ ಹೆಸರಿನಲ್ಲಿ ಮನೆ ಇರುತ್ತದೆ. ಗೋವಾದಂಥ ಕೆಲವು ಕಡೆ ಬಿಟ್ಟರೆ ಭಾರತದಲ್ಲಿ ಮದುವೆಯಾದ ಮಾತ್ರಕ್ಕೆ ದಂಪತಿಯ ಆಸ್ತಿ ಜಂಟಿ ಆಗುವುದಿಲ್ಲ. ಹಾಗಾಗಿ ಖರ್ಚು ಯಾರದು ಎಂಬುದಕ್ಕಿಂತ ಉಳಿತಾಯ ಯಾರ ಹೆಸರಿನಲ್ಲಿ ಬೆಳೆಯುತ್ತಿದೆ ಎಂಬುದೇ ದೊಡ್ಡ ಪ್ರಶ್ನೆ.

ಇದಕ್ಕೆ ಅನುಕೂಲವಾದ ದಾರಿ ಮೂರು ಖಾತೆಗಳದು. ಇಬ್ಬರ ಸಂಬಳದ ಖಾತೆಗಳು ಇದ್ದಂತೆಯೇ ಇರುತ್ತವೆ. ಮೂರನೆಯದೊಂದು ಜಂಟಿ ಖಾತೆ ತೆರೆದು, ಸಂಬಳ ಬಂದ ಮರುದಿನ ಇಬ್ಬರೂ ಗೊತ್ತಾದ ಮೊತ್ತವನ್ನು ಅದಕ್ಕೆ ಹಾಕುತ್ತಾರೆ. ಮನೆಗೆ ಸಂಬಂಧಪಟ್ಟ ಪಾವತಿಗಳೆಲ್ಲ ಅಲ್ಲಿಂದಲೇ ಹೋಗುತ್ತವೆ. ಖಾತೆ ತೆರೆಯುವಾಗ ‘ಯಾರಾದರೊಬ್ಬರು ಅಥವಾ ಬದುಕುಳಿದವರು’ ಎಂಬ ನಿರ್ವಹಣಾ ಕ್ರಮವನ್ನು ಆರಿಸಿದರೆ ಒಬ್ಬರ ಸಹಿ ಸಾಕು, ಒಬ್ಬರು ತೀರಿಕೊಂಡರೂ ಇನ್ನೊಬ್ಬರಿಗೆ ಹಣ ಸಿಗುತ್ತದೆ. ‘ಇಬ್ಬರೂ ಸೇರಿ’ ಎಂಬುದನ್ನು ಆರಿಸಿದರೆ ಪ್ರತಿ ಚೆಕ್ಕಿಗೂ ಎರಡು ಸಹಿ ಬೇಕು.

ಯಾರು ಎಷ್ಟು ಹಾಕಬೇಕು? ಮೈಸೂರಿನ ಬಾಡಿಗೆ ಮನೆಯಲ್ಲಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಹೆಂಡತಿಯ ಕೈಗೆ ಬರುವ ಸಂಬಳ 70,000 ರೂಪಾಯಿ, ಗಂಡನದು 50,000. ಬಾಡಿಗೆ 18,000, ದಿನಸಿ ತರಕಾರಿ ಹಾಲಿಗೆ 12,000, ಶಾಲೆಗೆ 6,000, ಕರೆಂಟು, ಗ್ಯಾಸು, ಮನೆಗೆಲಸದವರ ಸಂಬಳ ಎಲ್ಲ ಸೇರಿ 6,000. ಒಟ್ಟು 42,000. ಇದರ ಮೇಲೆ ಉಳಿತಾಯಕ್ಕೆಂದು 18,000 ಸೇರಿಸಿದರೆ ಜಂಟಿ ಖಾತೆಗೆ ತಿಂಗಳಿಗೆ 60,000 ಬೇಕು. ಸಮಪಾಲೆಂದು ತಲಾ 30,000 ಹಾಕಿದರೆ ಆಕೆಯ ಬಳಿ 40,000 ಉಳಿಯುತ್ತದೆ, ಆತನ ಬಳಿ 20,000. ಸಂಬಳದ ಪ್ರಮಾಣದಲ್ಲಿ ಹಾಕಿದರೆ ಆಕೆಯದು 35,000, ಆತನದು 25,000. ಇಬ್ಬರೂ ತಮ್ಮ ಸಂಬಳದ ಅರ್ಧವನ್ನು ಕೊಟ್ಟಂತಾಗುತ್ತದೆ. ಸಮಪಾಲು ನೋಡುವುದಕ್ಕೆ ನ್ಯಾಯವಾಗಿ ಕಂಡರೂ ಕಡಿಮೆ ಸಂಬಳದವರನ್ನು ಹಿಂಡುತ್ತದೆ. ಅಂತರ ಹೆಚ್ಚಿದ್ದಲ್ಲಿ ಪ್ರಮಾಣದ ಲೆಕ್ಕವೇ ಮೇಲು.

ಲೆಕ್ಕ ಎಡವುವುದು ಸಾಮಾನ್ಯವಾಗಿ ಹೆತ್ತವರಿಗೆ ಕಳಿಸುವ ಹಣದಲ್ಲಿ. ಗಂಡನ ಮನೆಗೆ ಕಳಿಸುವುದು ಸಂಸಾರದ ಖರ್ಚು, ತವರಿಗೆ ಕಳಿಸುವುದು ಹೆಂಡತಿಯ ಸ್ವಂತ ಖರ್ಚು ಎಂದು ಬಗೆಯುವ ಮನೆಗಳು ಇಂದಿಗೂ ಕಡಿಮೆಯೇನಿಲ್ಲ. ಜಂಟಿ ಖಾತೆಯಿಂದಲೋ, ಸ್ವಂತ ಖಾತೆಯಿಂದಲೋ, ಎರಡೂ ಕಡೆಯ ಹಿರಿಯರಿಗೆ ಒಂದೇ ನಿಯಮ ಇರಬೇಕು.

ಗುರಿಗೆ ಮೊತ್ತ ಮತ್ತು ಗಡುವು ಎರಡೂ ಇದ್ದರೆ ಮಾತ್ರ ಲೆಕ್ಕ ಸಿಗುತ್ತದೆ. ಮೇಲಿನ ದಂಪತಿ 60 ಲಕ್ಷದ ಫ್ಲ್ಯಾಟ್ ಕೊಳ್ಳಬೇಕೆಂದರೆ, ಬ್ಯಾಂಕು ಹೆಚ್ಚೆಂದರೆ ಬೆಲೆಯ ಶೇ. 80 ಸಾಲ ಕೊಡುತ್ತದೆ. ಉಳಿದ 12 ಲಕ್ಷ ಕೈಯಿಂದ ಬೇಕು. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2, ಅದೇ ಇನ್ನೂ 4 ಲಕ್ಷ ದಾಟುತ್ತದೆ. ತಿಂಗಳಿಗೆ 18,000ದಂತೆ ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ 16 ಲಕ್ಷ ಕೂಡಲು ಏಳು ವರ್ಷಕ್ಕೂ ಹೆಚ್ಚು ಬೇಕು. ಕೊಳ್ಳುವಾಗ ಇಬ್ಬರ ಹೆಸರೂ, ಯಾರ ಪಾಲೆಷ್ಟು ಎಂಬುದೂ ಕ್ರಯಪತ್ರದಲ್ಲಿ ಬರಬೇಕು. ಸಾಲದ ಪತ್ರಕ್ಕೆ ಮಾತ್ರ ಸಹಿ ಹಾಕಿದವರ ಮೇಲೆ ಪೂರ್ತಿ ಸಾಲದ ಹೊಣೆ ಬೀಳುತ್ತದೆ, ಮನೆಯಲ್ಲಿ ಪಾಲು ಬರುವುದಿಲ್ಲ.

ತೆರಿಗೆಯ ಮಟ್ಟಿಗೆ ಗಂಡ ಹೆಂಡತಿ ಬೇರೆ ಬೇರೆ. ಒಬ್ಬರು ಇನ್ನೊಬ್ಬರಿಗೆ ಕೊಡುವ ಹಣಕ್ಕೆ ತೆರಿಗೆಯಿಲ್ಲ, ಆದರೆ ಆ ಹಣವನ್ನು ಪಡೆದವರ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಜಂಟಿ ಠೇವಣಿಯ ಬಡ್ಡಿಯನ್ನು ಬ್ಯಾಂಕು ಮೊದಲ ಹೆಸರಿನವರ ಪ್ಯಾನ್‌ಗೆ ತೋರಿಸುತ್ತದೆ. ಆದ್ದರಿಂದ ದೊಡ್ಡ ಉಳಿತಾಯಗಳನ್ನು ಅವರವರ ದುಡ್ಡಿನಿಂದ ಅವರವರ ಹೆಸರಿನಲ್ಲೇ ಇಡುವುದು ಗೊಂದಲವಿಲ್ಲದ ಕ್ರಮ.

ಒಬ್ಬರ ಸಂಬಳ ನಿಂತಾಗ ಈ ಏರ್ಪಾಡು ಪರೀಕ್ಷೆಗೆ ಒಳಗಾಗುತ್ತದೆ. ಮೊದಲೆರಡು ಮಕ್ಕಳಿಗೆ ಕಾನೂನು ಕೊಡುವ ಸಂಬಳಸಹಿತ ಹೆರಿಗೆ ರಜೆ 26 ವಾರ. ಆಮೇಲೂ ತಾಯಿ ಮನೆಯಲ್ಲೇ ಉಳಿದರೆ ಪ್ರಮಾಣದ ಲೆಕ್ಕದಲ್ಲಿ ಆಕೆಯ ಪಾಲು ಸೊನ್ನೆಯಾಗುತ್ತದೆ, ಅದರ ಜೊತೆ ಆಕೆಯ ಉಳಿತಾಯವೂ ನಿಲ್ಲುತ್ತದೆ. ಆ ಅವಧಿಯಲ್ಲಿ ಗಂಡನ ಸಂಬಳದಿಂದಲೇ ಆಕೆಯ ಪಿಪಿಎಫ್ ಖಾತೆಗೆ ಹಣ ಹಾಕಬಹುದು. ಅದರ ಬಡ್ಡಿಗೆ ತೆರಿಗೆ ಇಲ್ಲದ ಕಾರಣ ಗಂಡನಿಗೆ ಹೊರೆಯಾಗದು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಬಿದ್ದರೂ ಖಾತೆ ಜೀವಂತವಾಗಿರುತ್ತದೆ.