ರಬ್ಬರ್ ಬ್ಯಾಂಡ್ ಕಟ್ಟಿದ ಹಿಟ್ಟಿನ ಕಥೆ

ಊರಿನ ಉದ್ಯಮಿಗಳ ಸಭೆಯಲ್ಲಿ ಮಾತಿಗೆ ಸಿಗುವುದು ಹೆಚ್ಚೆಂದರೆ ಮೂರು ನಿಮಿಷ. ಅದರಲ್ಲಿ ಅರ್ಧ ವಂದನೆಗೇ ಹೋಗುತ್ತದೆ. ಉಳಿದದ್ದು ಪ್ರಶಸ್ತಿಗಳ ಪಟ್ಟಿಗೆ.

ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಥೆಯ ಆರಂಭ ನೋಡಿ. ಅಂಗಡಿಯೊಂದರಲ್ಲಿ ದೋಸೆ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಮಾರುತ್ತಿದ್ದರು. ಇದನ್ನೇ ಶುಚಿಯಾಗಿ ಕೊಟ್ಟರೆ ಹೇಗೆ ಎಂದು ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 2005ರಲ್ಲಿ ಪುಟ್ಟ ಅಡುಗೆಮನೆಯಲ್ಲಿ ಕೆಲಸ ಶುರುಮಾಡಿದರು. ಆ ಚೀಲ ಕಣ್ಣಿಗೆ ಕಟ್ಟುತ್ತದೆ. ಕೊರತೆ ಏನು, ಇವರು ಬದಲಿಸಿದ್ದೇನು ಎಂಬುದು ಬೇರೆ ವಿವರಣೆಯಿಲ್ಲದೆ ಗೊತ್ತಾಗುತ್ತದೆ. 'ಗುಣಮಟ್ಟವೇ ನಮ್ಮ ಧ್ಯೇಯ' ಎಂದಿದ್ದರೆ ಯಾರಿಗೆ ನೆನಪಿರುತ್ತಿತ್ತು?

ಅಂಥದೊಂದು ದೃಶ್ಯಕ್ಕೆ ಒಂದು ನಿಮಿಷ ಕೊಡಬೇಕು. ಮೊದಮೊದಲು ಎಡವಿದ್ದು, ಅದನ್ನು ಸರಿಪಡಿಸಿದ್ದು ಇನ್ನೊಂದು ನಿಮಿಷಕ್ಕೆ ಸಾಕು. ಎಡವಿದ್ದನ್ನು ಮುಚ್ಚಿಟ್ಟರೆ ಮಾತು ಜಾಹೀರಾತಿನಂತೆ ಕೇಳುತ್ತದೆ. ಕೊನೆಗೆ ಸಭೆಯಿಂದ ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು: ಪಕ್ಕದ ತಾಲ್ಲೂಕಿಗೆ ವಿತರಕರೋ, ಬಾಡಿಗೆಗೆ ಶೀತಲೀಕರಣ ವಾಹನವೋ.

ಮಾತು ಮುಟ್ಟಿತೇ ಎಂದು ತಿಳಿಯಲು ಚಪ್ಪಾಳೆ ನಂಬಬೇಡಿ. ಚಹಾ ಹೊತ್ತಿನಲ್ಲಿ ಕೇಳುಗರೊಬ್ಬರನ್ನು 'ನಾವು ಏನು ಮಾರುತ್ತೇವೆ?' ಎಂದು ಕೇಳಿ. ಅವರು ತಡವರಿಸಿದರೆ ಮುಂದಿನ ಸಭೆಗೆ ಮೊದಲ ನಿಮಿಷವನ್ನು ತಿದ್ದಿ ಬರೆಯಬೇಕು.