ಅಜ್ಜಿ ಹೇಳಿದ ಹಾಗೇ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗಳಿಗೆ ಶಾಲೆಯಿಂದ ಒಂದು ಕೆಲಸ ಕೊಟ್ಟಿದ್ದರು. ಮನೆಯ ಹಿರಿಯರೊಬ್ಬರ ಬಾಲ್ಯದ ನೆನಪನ್ನು ಕೇಳಿ, ಅವರ ಮಾತಿನಲ್ಲೇ ಬರೆದು ತರಬೇಕು. ನನ್ನ ಅಮ್ಮ, ಅಂದರೆ ಅವಳ ಅಜ್ಜಿ, ಹುಟ್ಟಿದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅಮ್ಮನಿಗೆ 11 ವರ್ಷ.

ಮಗಳು ಮೊಬೈಲಿನಲ್ಲಿ 12 ನಿಮಿಷದ ಮಾತು ಹಿಡಿದಿಟ್ಟಳು. ಸಂಜೆಯ ಹೊತ್ತಿಗೆ ಅಂದವಾಗಿ ಬರೆದು ಅಜ್ಜಿಗೆ ಓದಿ ಹೇಳಿದಳು. ಅಮ್ಮ ಪೂರ್ತಿ ಕೇಳಿ, "ಚೆನ್ನಾಗಿದೆ ಮಗಾ. ಯಾರು ಹೇಳಿದ್ದು ಇದು?" ಅಂದರು. ಮಗಳ ಮುಖ ಸಪ್ಪಗಾಯಿತು.

ಅವಳು ಬರೆದದ್ದು ಹೀಗಿತ್ತು: "ನಾವು ಹಳೆಯ ಮನೆಯಲ್ಲಿ ವಾಸಿಸುತ್ತಿದ್ದೆವು. ನೀರು ಬರುವುದೆಂದು ಅಧಿಕಾರಿಗಳು ತಿಳಿಸಿದರು. ಯಾರೂ ನಂಬಲಿಲ್ಲ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿ ಗದ್ದೆ ಹಾಗೂ ತುಳಸಿಕಟ್ಟೆ ಮುಳುಗಿದವು. ನಮ್ಮ ತಂದೆಯವರು ನಾಲ್ಕು ಬಾಗಿಲುಗಳನ್ನು ಕಿತ್ತು ಗಾಡಿಗೆ ಹಾಕಿದರು."

ಒಂದು ಕಾಗುಣಿತವೂ ತಪ್ಪಿರಲಿಲ್ಲ. ಆದರೂ ಅದು ಅಮ್ಮನ ಮಾತಾಗಿರಲಿಲ್ಲ. ಬೇರೆಯವರ ಮಾತನ್ನು ಬರಹಕ್ಕಿಳಿಸುವ ಕೆಲಸ ನಾನು ಬಹಳ ವರ್ಷ ಮಾಡಿದ್ದೇನೆ. ಮಾರನೇ ದಿನ ಇಬ್ಬರೂ ಕೂತು ಮೊದಲಿನಿಂದ ಶುರು ಮಾಡಿದೆವು.

ಮೊದಲು ಏನನ್ನೂ ತಿದ್ದದೆ, ಕೇಳಿದ್ದನ್ನು ಕೇಳಿದ ಹಾಗೇ ಬರೆದೆವು. ಐದಾರು ಮಾತು ಕೇಳುವುದು, ನಿಲ್ಲಿಸುವುದು, ಬರೆಯುವುದು. 12 ನಿಮಿಷದ ಮಾತಿಗೆ ಒಂದೂಕಾಲು ಗಂಟೆ ಹಿಡಿಯಿತು. ಈ ಕಚ್ಚಾ ಪ್ರತಿ ಬೇಕೇ ಬೇಕು. ಕೇಳುತ್ತಲೇ ತಿದ್ದಿದರೆ ಏನನ್ನು ಬಿಟ್ಟೆವು ಎಂಬುದೇ ಆಮೇಲೆ ತಿಳಿಯುವುದಿಲ್ಲ. ಅದೇ ಭಾಗ ಈಗ ಹೀಗೆ ಬಂತು:

"ಅದೂ... ಏನಂದ್ರೆ, ನಾವು ಆವಾಗ ಆಂ... ಆ ಮನೇಲಿ, ಹಳೇ ಮನೇಲಿ ಅಲ್ವಾ, ಹಳೇ ಮನೇಲಿದ್ವಿ. ನೀರು ಬರುತ್ತೆ ಅಂತ ಹೇಳಿದ್ರು, ಅವ್ರು, ಆಫೀಸಿನೋರು. ಯಾರೂ ನಂಬ್ಲಿಲ್ಲ. ಅಂದ್ರೆ, ಅಪ್ಪಯ್ಯ ನಂಬ್ಲಿಲ್ಲ. ಆಮೇಲೆ ಏನಾಯ್ತು ಅಂದ್ರೆ, ಮಳೆ ಹಿಡೀತು. ನೀರು ಬಂತು... ಬಂತು... ಬಂತು. ಮೊದ್ಲು ಗದ್ದೆ. ಆಮೇಲೆ ಆ ಕಟ್ಟೆ, ತುಳಸಿಕಟ್ಟೆ. ಅಪ್ಪಯ್ಯ ಐದು... ಅಲ್ಲ ಅಲ್ಲ, ನಾಲ್ಕು ಬಾಗ್ಲು ಕಿತ್ತು ಗಾಡಿಗೆ ಹಾಕಿದ್ರಂತೆ. ಒಂದು ಈಗ್ಲೂ ಇದ್ಯಲ್ಲ, ಅಲ್ಲೇ."

"ಈಗ ಬೇಡದ್ದನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕು" ಅಂದೆ. "ಅದೂ", "ಆಂ", "ಏನಂದ್ರೆ" ಸುಲಭವಾಗಿ ಹೋದವು. ಮುಂದಿನ ಮಾತು ನೆನಪಾಗುವವರೆಗೆ ನಾಲಿಗೆ ಹಿಡಿದ ಆಸರೆ ಅವು. ಐದು ಬಾಗಿಲೂ ಹೋಯಿತು, ಅಜ್ಜಿಯೇ ತಿದ್ದಿಕೊಂಡಿದ್ದಾರಲ್ಲ. ಹಾಗೇ ಕೈ ಓಡಿಸುತ್ತಾ ಮಗಳು ಎಲ್ಲ "ಅಂದ್ರೆ"ಗಳನ್ನೂ ಹೊಡೆಯತೊಡಗಿದಳು. ಅಲ್ಲಿ ತಡೆದೆ.

ಒಂದೇ ಪದ ಒಂದು ಕಡೆ ಬರೀ ಆಸರೆ, ಇನ್ನೊಂದು ಕಡೆ ಕೆಲಸಗಾರ. "ಏನಾಯ್ತು ಅಂದ್ರೆ, ಮಳೆ ಹಿಡೀತು" ಎಂಬಲ್ಲಿ ಅದನ್ನು ತೆಗೆದು ಓದಿ, ಅರ್ಥ ಕದಲುವುದಿಲ್ಲ. "ಯಾರೂ ನಂಬ್ಲಿಲ್ಲ. ಅಂದ್ರೆ, ಅಪ್ಪಯ್ಯ ನಂಬ್ಲಿಲ್ಲ" ಎಂಬಲ್ಲಿ ತೆಗೆದರೆ, ಊರಿಗೆ ಊರೇ ನಂಬಲಿಲ್ಲ, ಅಪ್ಪನೂ ನಂಬಲಿಲ್ಲ ಅಂತಾಗುತ್ತದೆ. ಅಮ್ಮ ಅಲ್ಲಿ ತಮ್ಮ ಮಾತನ್ನೇ ತಿದ್ದಿಕೊಂಡಿದ್ದರು. ನಂಬದೇ ಇದ್ದದ್ದು ಒಬ್ಬರೇ. ಮಗಳ ಮೊದಲ ಬರಹದಲ್ಲಿ ಆ ಒಬ್ಬರು ಊರಿನ ಗುಂಪಿನಲ್ಲಿ ಕಳೆದುಹೋಗಿದ್ದರು. ಹಾಗಾಗಿ ಪದ ತೆಗೆಯುವ ಮುಂಚೆ, ಅದಿಲ್ಲದೆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಅರ್ಥ ಅಲುಗಾಡಿದರೆ ಮುಟ್ಟಬಾರದು.

"ಬಂತು ಬಂತು ಬಂತು ಅಂತ ಮೂರು ಸಲ ಯಾಕೆ? ಒಂದು ಸಾಕಲ್ವಾ?" ಮಗಳು ಕೇಳಿದಳು. "ಹಳೇ ಮನೇಲಿ" ಎಂಬುದು ಎರಡು ಸಲ ಬಂದಿದ್ದು ತಡವರಿಕೆಯಿಂದ, ಅಲ್ಲಿ ಒಂದೇ ಸಾಕು. ಆದರೆ ಇದು ತಡವರಿಕೆಯಲ್ಲ. ಮತ್ತೆ ಹಾಕಿ ಕೇಳಿಸಿದೆ. ಪ್ರತಿ "ಬಂತು"ವಿಗೂ ಅಮ್ಮನ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಅಣೆಕಟ್ಟಿನ ಹಿನ್ನೀರು ಹೊಳೆಯ ನೆರೆಯಂತೆ ನುಗ್ಗುವುದಿಲ್ಲ. ದಿನಕ್ಕಿಷ್ಟು ಅಂತ ಏರುತ್ತದೆ. ಅದನ್ನು ಹೇಳಿದ್ದು ಆ ಮೂರು "ಬಂತು"ಗಳೇ. ಇವಳ "ನೀರಿನ ಮಟ್ಟ ಏರಿ" ಅದನ್ನು ಹೇಳಿರಲಿಲ್ಲ.

ಆಮೇಲೆ ಉಳಿದದ್ದು "ಹಾಕಿದ್ರಂತೆ". ಮಗಳು ಮೊದಲ ಸಲ ಅದನ್ನು "ಹಾಕಿದರು" ಮಾಡಿದ್ದಳು. "ಅಂತೆ" ನಮ್ಮ ಭಾಷೆಯ ಪುಟ್ಟ ಸಾಕ್ಷಿ. ಕಂಡದ್ದನ್ನು ಹೇಳುವಾಗ ಅದು ಬರುವುದಿಲ್ಲ, ಕೇಳಿದ್ದನ್ನು ಹೇಳುವಾಗ ಬರುತ್ತದೆ. ಗದ್ದೆ, ತುಳಸಿಕಟ್ಟೆಯ ಮಾತಿನಲ್ಲಿ "ಅಂತೆ" ಇಲ್ಲ. ಬಾಗಿಲಿನ ಮಾತಿಗೆ ಬಂದಾಗ ಇದೆ.

ಮಗಳು ಅಜ್ಜಿಯ ಹತ್ತಿರ ಹೋಗಿ ಕೇಳಿದಳು, "ಅಜ್ಜೀ, ಬಾಗಿಲು ಕಿತ್ತಿದ್ದು ನೀನು ನೋಡಿಲ್ವಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ ಮಗಾ. ತುಳಸಿಕಟ್ಟೆ ಮುಳುಗಿದ್ ದಿನವೇ ಮಕ್ಕಳನ್ನೆಲ್ಲ ಮಾವನ ಮನೆಗೆ ಕಳಿಸಿದ್ರು. ಮನೆ ಬಿಚ್ಚೋದನ್ನ ನಾವು ನೋಡಬಾರ್ದು ಅಂತ. ಆಮೇಲೆ ಅಮ್ಮ ಹೇಳಿದ್ದು."

ನನಗೇ ಗೊತ್ತಿರದ ಸಂಗತಿ ಅದು. ಇಷ್ಟು ವರ್ಷ ಈ ಕಥೆ ಕೇಳಿದ್ದೇನೆ, ಆ "ಅಂತೆ" ನನ್ನ ಕಿವಿಗೂ ಬಿದ್ದಿರಲಿಲ್ಲ.

"ಅಲ್ಲೇ" ಎಂಬುದು ಇನ್ನೊಂದು ತೊಡಕು. ಅಮ್ಮ ಕೈ ತೋರಿಸಿದ್ದರು. ಮೊಬೈಲಿಗೆ ದನಿ ಕೇಳಿತೇ ಹೊರತು ಕೈ ಕಾಣಲಿಲ್ಲ. ಇಂಥ ಕಡೆ ನಮ್ಮ ಮಾತನ್ನು ಚೌಕ ಕಂಸದೊಳಗೆ ಹಾಕುತ್ತೇವೆ. ಅದು ಹೇಳಿದವರ ಮಾತಲ್ಲ, ಬರೆದವರದ್ದು ಎಂಬ ಗುರುತು ಅದು. ಕೊನೆಗೆ ಬರಹ ಹೀಗಾಯಿತು:

"ನಾವು ಆವಾಗ ಹಳೇ ಮನೇಲಿದ್ವಿ. ನೀರು ಬರುತ್ತೆ ಅಂತ ಆಫೀಸಿನೋರು ಹೇಳಿದ್ರು. ಯಾರೂ ನಂಬ್ಲಿಲ್ಲ. ಅಂದ್ರೆ, ಅಪ್ಪಯ್ಯ ನಂಬ್ಲಿಲ್ಲ. ಮಳೆ ಹಿಡೀತು. ನೀರು ಬಂತು, ಬಂತು, ಬಂತು. ಮೊದ್ಲು ಗದ್ದೆ. ಆಮೇಲೆ ತುಳಸಿಕಟ್ಟೆ. ಅಪ್ಪಯ್ಯ ನಾಲ್ಕು ಬಾಗ್ಲು ಕಿತ್ತು ಗಾಡಿಗೆ ಹಾಕಿದ್ರಂತೆ. ಒಂದು ಈಗ್ಲೂ ಇದ್ಯಲ್ಲ, ಅಲ್ಲೇ [ಅಡುಗೆಮನೆಯ ಬಾಗಿಲು ತೋರಿಸುತ್ತಾ]."

"ಇದ್ವಿ"ಯನ್ನು "ಇದ್ದೆವು" ಮಾಡಲಿಲ್ಲ, "ಅಪ್ಪಯ್ಯ"ನನ್ನು "ತಂದೆಯವರು" ಮಾಡಲಿಲ್ಲ. ಓದುವವರಿಗೆ ತಿಳಿಯುವ ಆಡುಮಾತನ್ನು ಗ್ರಂಥದ ಭಾಷೆಗೆ ತಿರುಗಿಸುವ ಅಗತ್ಯವಿಲ್ಲ. ಹಾಗಂತ ಪ್ರತಿ ಉಚ್ಚಾರಣೆಯ ವಂಕನ್ನೂ ಅಕ್ಷರದಲ್ಲಿ ಹಿಡಿಯಲು ಹೋದರೆ ಓದುವವರು ಎಡವುತ್ತಾರೆ, ಹೇಳಿದವರು ನಗೆಗೀಡಾಗುತ್ತಾರೆ. ಒಂದು ಪದಕ್ಕೆ ಒಂದು ರೂಪ ಅಂತ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಿದೆವು.

ಕೊನೆಯ ಹೆಜ್ಜೆ, ಹೇಳಿದವರಿಗೇ ಓದಿ ಕೇಳಿಸುವುದು. ಅಲ್ಲೂ ಒಂದು ತಪ್ಪು ಸಿಕ್ಕಿತು. ಮುಂದೊಂದು ಕಡೆ "ಅಡಿಕೆ ಡಬ್ಬ ಗಾಡಿಗೆ ಹಾಸಿದ್ರು" ಅಂತ ಬರೆದಿದ್ದೆವು. ಅಮ್ಮ ನಕ್ಕರು. "ಡಬ್ಬ ಹಾಸೋಕಾಗುತ್ತೇನೇ? ದಬ್ಬೆ. ಅಡಿಕೆ ಮರ ಸೀಳಿದ್ದು." ಅರ್ಥವಾಗದ ಪದವನ್ನು ಕಿವಿ ತನಗೆ ಗೊತ್ತಿರುವ ಪದಕ್ಕೆ ತಿರುಗಿಸಿಬಿಡುತ್ತದೆ. ವಾಕ್ಯ ವಿಚಿತ್ರವಾಗಿ ಕಂಡರೆ ಸಂಶಯ ಪಡಬೇಕಾದ್ದು ಮೊದಲು ನಮ್ಮ ಕಿವಿಯನ್ನು. ಇನ್ನೊಂದು ಕಡೆ, ಪರಿಹಾರದ ಹಣಕ್ಕೆ ಮನೆಯೊಳಗೆ ನಡೆದ ಜಗಳದ ನಾಲ್ಕು ಸಾಲು ಬೇಡ ಅಂದರು. ತೆಗೆದೆವು. ಮಾತು ಅವರದ್ದು.

ಪೂರ್ತಿ ಓದಿ ಮುಗಿಸಿದಾಗ ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಈ ಸಲ ಯಾರು ಹೇಳಿದ್ದು ಅಂತ ಅಮ್ಮ ಕೇಳಲಿಲ್ಲ. "ಇನ್ನೂ ಇದೆ, ನಾಳೆ ಹೇಳ್ತೀನಿ, ಆ ಮೊಬೈಲ್ ತಗೊಂಡ್ ಬಾ" ಅಂದರು.