ಆಷಾಢದಲ್ಲೂ ಬರುವ ಸಂಬಳ

ನಾನು ದಾವಣಗೆರೆಯಲ್ಲಿ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಒಂದು ಫೆಬ್ರವರಿಯಲ್ಲಿ, ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ಪಾಸ್‌ಬುಕ್ ತಂದು ಮುಂದಿಟ್ಟರು. ಅಂಗಡಿಗೆ ಅವರೇ ಮಾಲೀಕರು, ಅವರೇ ಕೆಲಸದವರು. ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ. “ಉಳಿದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಅಣ್ಣಾ?” ಎಂದರು.

ಇಬ್ಬರೂ ಕೂತು ಮನೆಯ ಖರ್ಚಿಗೆ ಕೆಂಪು ಪೆನ್ನು, ಅಂಗಡಿಯದಕ್ಕೆ ನೀಲಿ ಪೆನ್ನು ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕುತ್ತ ಹೋದೆವು. ಅಸ್ತರ್ ಬಟ್ಟೆಯವನಿಗೆ ಕೊಟ್ಟದ್ದು ನೀಲಿ, ಮಗನ ಸ್ಕೂಲ್ ಫೀಸು ಕೆಂಪು. ತಮ್ಮ ಕಳಿಸಿದ 15,000 ಗಿರಾಕಿ ಕೊಟ್ಟ ಹಣವೋ, ವಾಪಸು ಬಂದ ಕೈಗಡವೋ ಅವರಿಗೇ ನೆನಪಾಗಲಿಲ್ಲ. ಹಾಗೆ ಬಣ್ಣವೇ ಸಿಗದ ಸಾಲುಗಳು ಪುಟಕ್ಕೆ ಮೂರು-ನಾಲ್ಕು ಉಳಿದವು.

ಇದು ಬರೀ ಶಿಸ್ತಿನ ಮಾತಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಕ್ಯುಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬೋರ್ಡ್ ಹಾಕಿದ ಅಂಗಡಿಗಳನ್ನು ಎಲ್ಲರೂ ನೋಡಿದ್ದೇವೆ. ಒಂದೇ ಖಾತೆಗೆ ನೆಂಟರ ಹಣ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಬಂದಿದ್ದವರಿಗೆ ಯಾವುದು ಯಾವುದೆಂದು ಬಿಡಿಸಿ ಹೇಳುವುದೇ ದೊಡ್ಡ ತಲೆನೋವಾಯಿತು. ನಮ್ಮ ಅಕ್ಕನ ವಹಿವಾಟು ಜಿಎಸ್‌ಟಿ ಮಿತಿಯ ಹತ್ತಿರವೂ ಇಲ್ಲ. ಆದರೂ ಗಾಬರಿಯಾಗಿದ್ದರು.

ಬೇರೆ ಖಾತೆ ಎಂದರೆ ಕರೆಂಟ್ ಅಕೌಂಟ್, ಅಂದರೆ ಚಾಲ್ತಿ ಖಾತೆ. ಅಂಗಡಿಯ ಹೆಸರಿನಲ್ಲಿ ಅದನ್ನು ತೆರೆಯಲು ಮಾಲೀಕರ ಪ್ಯಾನ್, ಆಧಾರ್ ಜೊತೆಗೆ ವ್ಯಾಪಾರ ನಡೆಯುತ್ತಿದೆ ಎನ್ನುವುದಕ್ಕೆ ಸಾಮಾನ್ಯವಾಗಿ ಎರಡು ದಾಖಲೆ ಕೇಳುತ್ತಾರೆ. ಉದ್ಯಮ್ ನೋಂದಣಿ ಪತ್ರ ಒಂದಾಗಬಹುದು. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಅಂಗಡಿ ಹೆಸರಿನ ಕರೆಂಟ್ ಬಿಲ್, ಜಿಎಸ್‌ಟಿ ಪತ್ರ ಇವುಗಳಲ್ಲಿ ಇನ್ನೊಂದಾಗಬಹುದು. ಎರಡು ಒದಗಿಸಲಾಗದಿದ್ದರೆ, ತನಗೆ ಒಪ್ಪಿಗೆಯಾದಲ್ಲಿ ಒಂದೇ ದಾಖಲೆಯ ಮೇಲೆ, ಅಂಗಡಿಗೆ ಬಂದು ನೋಡಿ ಖಾತೆ ಕೊಡಲು ಬ್ಯಾಂಕಿಗೆ ಅವಕಾಶವಿದೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. udyamregistration.gov.in ಬಿಟ್ಟು ಅದೇ ಹೋಲಿಕೆಯ ಬೇರೆ ತಾಣಗಳಲ್ಲಿ ದುಡ್ಡು ಕಟ್ಟಿ ಬಂದವರನ್ನು ನಾನೇ ಕಂಡಿದ್ದೇನೆ.

ಅರ್ಜಿ ವಾಪಸು ಬರುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ. ಅಕ್ಕನ ಬೋರ್ಡಿನಲ್ಲಿ ‘ಲೇಡೀಸ್ ಟೈಲರ್’ ಎಂದಿತ್ತು, ಉದ್ಯಮ್ ಪತ್ರದಲ್ಲಿ ‘ಟೈಲರ್ಸ್’, ರಬ್ಬರ್ ಸೀಲಿನಲ್ಲಿ ಇನ್ನೇನೋ. ಮೂರೂ ಒಂದಾಗುವ ಹೊತ್ತಿಗೆ ಎರಡು ವಾರ ಹಿಡಿಯಿತು. ಈ ಖಾತೆಗೆ ಬಡ್ಡಿ ಬರುವುದಿಲ್ಲ. ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಶುಲ್ಕ ಕಡಿಯುತ್ತಾರೆ. ಎಷ್ಟು ಇಡಬೇಕೆನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಅಕ್ಕನ ಖಾತೆಗೆ 5,000 ಇತ್ತು. ಅದನ್ನು ಮನೆಯಿಂದ ಹಾಕಿದ ಬಂಡವಾಳ ಎಂದು ಬರೆದುಕೊಂಡೆವು.

ಹೊಸ ಕ್ಯುಆರ್ ಅಂಟಿಸಿದ ಮೇಲೂ ಹದಿನೈದು ದಿನ ಹಣ ಹಳೆಯ ಖಾತೆಗೇ ಬೀಳುತ್ತಿತ್ತು. ಗಿರಾಕಿಗಳು ಸ್ಕ್ಯಾನ್ ಮಾಡದೆ ಮೊಬೈಲ್ ನಂಬರ್ ಹೊಡೆದು ಕಳಿಸುತ್ತಿದ್ದರು. ಆ ನಂಬರಿಗೆ ಜೋಡಣೆಯಾಗಿದ್ದದ್ದು ಮನೆಯ ಖಾತೆ. ಕೊನೆಗೆ ಅಂಗಡಿಗೆ ಬೇರೆ ಸಿಮ್ ತೆಗೆದುಕೊಳ್ಳಬೇಕಾಯಿತು.

ಇನ್ನು ಸಂಬಳದ ವಿಷಯ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ಅಕ್ಕ ಬೇರೆ ಅಲ್ಲ. ತನಗೆ ತಾನೇ ಸಂಬಳ ಕೊಟ್ಟುಕೊಳ್ಳುವುದು ಬಲಗೈಯಿಂದ ಎಡಗೈಗೆ ದಾಟಿಸಿದ ಹಾಗೆ. ಲೆಕ್ಕದಲ್ಲಿ ಅದಕ್ಕೆ ಡ್ರಾಯಿಂಗ್ಸ್ ಎನ್ನುತ್ತಾರೆ. ಅದನ್ನು ಖರ್ಚೆಂದು ತೋರಿಸಿ ಲಾಭ ಇಳಿಸುವಂತಿಲ್ಲ. ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಕೇಳುವಂತಿಲ್ಲ. ಅಂಗಡಿಯ ಸಾಲ ತೀರದಿದ್ದರೆ ಅದು ಮನೆಯ ಬಾಗಿಲಿಗೂ ಬರುತ್ತದೆ, ಬೇರೆ ಖಾತೆ ಅದನ್ನು ತಡೆಯುವುದಿಲ್ಲ. ಕಂಪನಿ ಮಾಡಿಕೊಂಡರೆ ಕಥೆ ಬೇರೆ, ಆದರೆ ಒಂದು ಹೊಲಿಗೆ ಯಂತ್ರಕ್ಕೆ ಅಷ್ಟು ಕಾಗದಪತ್ರದ ಖರ್ಚು ಗಿಟ್ಟುವುದಿಲ್ಲ.

ಹಾಗಿದ್ದರೆ ಈ ‘ಸಂಬಳ’ ಯಾಕೆ? ಆಷಾಢಕ್ಕಾಗಿ. ಬ್ಲೌಸ್ ಹೊಲಿಯುವವರಿಗೆ ಮದುವೆ ಇದ್ದಾಗಲೇ ಸುಗ್ಗಿ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ಯಂತ್ರ ಸುಮ್ಮನಾಗುತ್ತದೆ. ಬಾಡಿಗೆ, ದಾರ, ಅಸ್ತರ್, ಕರೆಂಟು ಎಲ್ಲ ಕಳೆದು ಏಪ್ರಿಲ್‌ನಲ್ಲಿ 42,000, ಮೇ ತಿಂಗಳಲ್ಲಿ 48,000 ಉಳಿದರೆ ಜುಲೈನಲ್ಲಿ ಉಳಿಯುವುದು 9,000. ಸೆಪ್ಟೆಂಬರ್ 14,000, ಜನವರಿ 10,000. ವರ್ಷಕ್ಕೆಲ್ಲ ಸೇರಿ 3,18,000. ಮೇ ತಿಂಗಳಲ್ಲಿ ಕೈತುಂಬ ದುಡ್ಡು ಕಂಡು ಫ್ರಿಡ್ಜ್ ಕೊಂಡವರು ಜುಲೈನಲ್ಲಿ ಒಡವೆ ಅಡವಿಡುತ್ತಿದ್ದರು.

ಅಕ್ಕ ಲೆಕ್ಕದಲ್ಲಿ ಚುರುಕು. 3,18,000ವನ್ನು ಹನ್ನೆರಡರಿಂದ ಭಾಗಿಸಿ “ತಿಂಗಳಿಗೆ 26,500 ತಗೋಬಹುದಲ್ಲಾ” ಎಂದರು. ಬಹಳ ಜನ ಎಡವುವುದು ಇಲ್ಲೇ. ಏಪ್ರಿಲ್‌ನಿಂದ ತಿಂಗಳು ತಿಂಗಳು ಬರೆದು ತೋರಿಸಿದೆ. ತಿಂಗಳಿಗೆ 26,500 ತೆಗೆದರೆ ಸೆಪ್ಟೆಂಬರ್ ಕೊನೆಗೆ ಆ ಮಿನಿಮಮ್ 5,000 ಬಿಟ್ಟು ಉಳಿಯುವುದು 4,000. ಅಷ್ಟರಲ್ಲಿ ಯಂತ್ರದ ಮೋಟಾರ್ ಸುಟ್ಟರೆ ಮುಗಿಯಿತು. ದೀಪಾವಳಿಯಲ್ಲಿ ಸ್ವಲ್ಪ ಏರಿದರೂ ಜನವರಿಯಲ್ಲಿ ಮಿನಿಮಮ್‌ಗೇ ಕೈಹಾಕಬೇಕು, 4,000 ಕಡಿಮೆ ಬೀಳುತ್ತದೆ. ವರ್ಷದ ಸರಾಸರಿ ಸರಿಯೇ ಇರುತ್ತದೆ, ಜನವರಿಯ ಖಾತೆಯಲ್ಲಿ ಮಾತ್ರ ದುಡ್ಡಿರುವುದಿಲ್ಲ.

ಅದೇ 20,000 ತೆಗೆದರೆ ಮೇ ಕೊನೆಗೆ ಖಾತೆಯಲ್ಲಿ 50,000 ಕೂಡಿರುತ್ತದೆ. ಜುಲೈನ ಕೊರತೆ 11,000, ಸೆಪ್ಟೆಂಬರ್‌ನದು 6,000, ಜನವರಿಯದು 10,000. ಮೂರನ್ನೂ ಅದು ನುಂಗಿಕೊಳ್ಳುತ್ತದೆ. ಮನೆಯ ಅಕ್ಕಿ-ಬೇಳೆಯಿಂದ ಫೀಸಿನವರೆಗೆ ಬರೆದು ಕೂಡಿದಾಗ 19,000 ಚಿಲ್ಲರೆ ಬಂದಿತ್ತು, ಆದ್ದರಿಂದ 20,000ಕ್ಕೆ ನಿಲ್ಲಿಸಿದೆವು. ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟು, ಪ್ರತಿ 5ನೇ ತಾರೀಕು ಹಣ ತಾನಾಗಿ ಮನೆಯ ಖಾತೆಗೆ ಹೋಗುವಂತೆ ಮಾಡಿದೆವು. ಏಪ್ರಿಲ್‌ನಲ್ಲಿ ಶುರುಮಾಡಿದ್ದು ಒಳ್ಳೆಯದಾಯಿತು. ಇದೇ 20,000ವನ್ನು ಬರಿಗೈಯಲ್ಲಿ ಜೂನ್‌ನಿಂದ ಆರಂಭಿಸಿದ್ದರೆ ಜುಲೈನಲ್ಲೇ ಕೈಕಟ್ಟುತ್ತಿತ್ತು. ಸುಗ್ಗಿ ಎದುರಿಗಿರುವಾಗಲೇ ಇದನ್ನು ಹಿಡಿಯಬೇಕು.

ನಡುವೆ ಒಮ್ಮೆ ತಪ್ಪಿತು. ಆಗಸ್ಟ್‌ನಲ್ಲಿ ಅತ್ತೆಯ ಕಣ್ಣಿನ ಆಪರೇಷನ್‌ಗೆ ಅಂಗಡಿಯ ಖಾತೆಯಿಂದಲೇ 8,000 ನೇರವಾಗಿ ಕಟ್ಟಿದ್ದರು. ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಮೊದಲು ಮನೆಯ ಖಾತೆಗೆ ಹಾಕಿಕೊಂಡು ಅಲ್ಲಿಂದ ಕಟ್ಟಿ ಎಂದೆ. ಆಗ ಅಂಗಡಿಯ ಪಾಸ್‌ಬುಕ್‌ನಲ್ಲಿ ಅದು ಹೆಚ್ಚುವರಿ ಡ್ರಾಯಿಂಗ್ಸ್ ಎಂದು ಒಂದು ಸಾಲಾಗಿ ನಿಲ್ಲುತ್ತದೆ. ಅಲ್ಲಿ ಆಸ್ಪತ್ರೆಯ ಹೆಸರು ಬರುವುದಿಲ್ಲ. ಆ 8,000ವನ್ನು ಮುಂದಿನ ನಾಲ್ಕು ತಿಂಗಳ ಸಂಬಳದಲ್ಲಿ ಎರಡೆರಡು ಸಾವಿರ ಮುರಿದುಕೊಂಡರು.

ಮಾರ್ಚ್ ಕೊನೆಗೆ ಖಾತೆಯಲ್ಲಿ ಮಿನಿಮಮ್ ಬಿಟ್ಟು 78,000 ಇತ್ತು. ರಿಟರ್ನ್ ತುಂಬುವಾಗ ಅಕ್ಕ 2,40,000 ಬರೆಯಿರಿ ಎಂದರು. ಕೈಗೆ ಬಂದದ್ದು ಅಷ್ಟೇ ತಾನೇ? ಅಲ್ಲ, ಖಾತೆಯಲ್ಲೇ ಬಿಟ್ಟ 78,000ವೂ ಅವರ ಆದಾಯವೇ, ಆದ್ದರಿಂದ 3,18,000 ಬರೆದೆವು. ಇಷ್ಟಕ್ಕೆ ತೆರಿಗೆಯೇನೂ ಬರಲಿಲ್ಲ. ನಾಳೆ ಸಾಲ ಕೇಳಲು ಹೋದಾಗ ಬ್ಯಾಂಕು ನೋಡುವುದು ಈ ರಿಟರ್ನನ್ನೇ.

ಇನ್ನು ಸಂಬಳ 25,000 ಮಾಡೋಣ ಎಂದು ಅವರ ಆಸೆ. ಮೂರು ಡಲ್ ತಿಂಗಳ ಕೊರತೆ 27,000, ಅದರ ಮೇಲೆ ಮೋಟಾರಿಗೆಂದು 5,000, ಒಟ್ಟು 32,000 ಮುಟ್ಟಬೇಡಿ ಎಂದೆ. ಮಿಕ್ಕಿದ 46,000ದಲ್ಲಿ ಫಾಲ್-ಪೀಕೋ ಯಂತ್ರದ ವಿಚಾರ ನಡೆದಿದೆ. ಸಂಬಳ 22,000ಕ್ಕೆ ಒಪ್ಪಿದರು. “ನನ್ನ ಸಂಬಳಕ್ಕೆ ನಿಮ್ಮ ಹತ್ರ ಚೌಕಾಸಿ ಮಾಡೋ ಹಂಗಾಯ್ತಲ್ಲಣ್ಣಾ” ಎಂದು ಗೊಣಗುತ್ತಾ ಬ್ಯಾಂಕಿನ ಫಾರಂಗೆ ಸೀಲ್ ಒತ್ತಿದರು.